‘ಕಾಲ್ಪನಿಕ’ ಅಂದರೆ ಸುಳ್ಳು ಅಂತಲ್ಲ: ಸರ್ಕಾರಿ ಆದೇಶ ಓದಲು ನಾನು ಕಲಿತ ಬಗೆ

ನಾನು ಸಿಬ್ಬಂದಿ ಶಾಖೆಯಲ್ಲಿ ವಿಷಯ ನಿರ್ವಾಹಕನಾಗಿ ಕೂತ ಮೊದಲ ವರ್ಷವೇ ಒಂದು ಬಿಲ್ಲು ಖಜಾನೆಯಿಂದ ವಾಪಸ್ ಬಂತು. ನಮ್ಮ ಕಚೇರಿಯ ಹಿರಿಯರೊಬ್ಬರಿಗೆ ತಡವಾಗಿ ಮುಂಬಡ್ತಿ ಆಗಿತ್ತು. ಅವರಿಗಿಂತ ಕಿರಿಯರಿಗೆ ಮೂರು ವರ್ಷ ಮೊದಲೇ ಸಿಕ್ಕಿತ್ತು. ಮನವಿ ಕೊಟ್ಟು, ಕಾದು, ಕೊನೆಗೆ ಆದೇಶ ಕೈಗೆ ಬಂದಿತ್ತು. ನಾನು ಮೂರು ವರ್ಷದ ಬಾಕಿ ಲೆಕ್ಕ ಹಾಕಿ ಬಿಲ್ಲು ಮಾಡಿದೆ. ಖಜಾನೆಯವರು ಆಕ್ಷೇಪಣೆಯಲ್ಲಿ ಒಂದೇ ಸಾಲು ಬರೆದಿದ್ದರು: ಕಾಲ್ಪನಿಕ ಅವಧಿಯ ವ್ಯತ್ಯಾಸದ ಮೊತ್ತ ಪಾವತಿಸಲು ಅವಕಾಶವಿಲ್ಲ.

ಆದೇಶ ತೆಗೆದು ಮತ್ತೆ ಓದಿದೆ. ಅದರಲ್ಲಿ ಇದ್ದದ್ದು ಹೀಗೆ: ಮುಂಬಡ್ತಿಯನ್ನು ಕಿರಿಯರಿಗೆ ನೀಡಿದ ದಿನಾಂಕಕ್ಕೆ ‘ಪೂರ್ವಾನ್ವಯಗೊಳಿಸಿ’, ಆ ದಿನದಿಂದ ವೇತನವನ್ನು ‘ಕಾಲ್ಪನಿಕವಾಗಿ’ ನಿಗದಿಪಡಿಸಿ, ‘ವಾಸ್ತವಿಕ ಆರ್ಥಿಕ ಸೌಲಭ್ಯ’ವನ್ನು ಅಧಿಕಾರ ವಹಿಸಿಕೊಂಡ ದಿನದಿಂದ ನೀಡತಕ್ಕದ್ದು. ಒಂದೇ ವಾಕ್ಯದಲ್ಲಿ ಮೂರು ಪದ. ಮೂರೂ ಬೇರೆ ಬೇರೆ ಕೆಲಸ ಮಾಡುತ್ತವೆ. ನಾನು ಮೊದಲನೆಯದನ್ನು ಮಾತ್ರ ಓದಿದ್ದೆ.

ಪೂರ್ವಾನ್ವಯ ಅಂದರೆ ಪೂರ್ವ ಮತ್ತು ಅನ್ವಯ. ಆದೇಶ ಇವತ್ತು ಹೊರಟರೂ ಅದು ಹಿಂದಿನ ಒಂದು ದಿನದಿಂದ ಅನ್ವಯಿಸುತ್ತದೆ. ಇದರಿಂದ ಆ ನೌಕರರ ಜ್ಯೇಷ್ಠತೆ ಸರಿಹೋಗುತ್ತದೆ. ಹಿಂದಿನ ಅವಧಿಯ ಹಣ ಸಿಗುತ್ತದೋ ಇಲ್ಲವೋ ಅನ್ನುವುದನ್ನು ಈ ಪದ ಒಂದೇ ಹೇಳುವುದಿಲ್ಲ. ಅದನ್ನು ಹೇಳುವುದು ಅದರ ಪಕ್ಕದಲ್ಲಿ ಕೂತ ಪದ.

ಆ ಪಕ್ಕದ ಪದವೇ ಕಾಲ್ಪನಿಕ. ಕಥೆ, ಕಾದಂಬರಿ ಓದಿದವರಿಗೆ ಇದು ‘ನಿಜವಲ್ಲದ್ದು’ ಅನ್ನಿಸುತ್ತದೆ. ನಮ್ಮ ಹಿರಿಯರೂ ನೊಂದುಕೊಂಡು, “ಏನಪ್ಪಾ, ನನ್ನ ಮುಂಬಡ್ತಿ ಬರೀ ಕಲ್ಪನೆಯಾ?” ಅಂದಿದ್ದರು. ಕಚೇರಿಯಲ್ಲಿ ಅದರ ಅರ್ಥ ಬೇರೆ. ಹಣ ಕೈಗೆ ಬರುವುದಿಲ್ಲ, ಆದರೆ ಲೆಕ್ಕ ನಡೆಯುತ್ತದೆ.

ಲೆಕ್ಕ ಹಾಕಿಯೇ ತೋರಿಸುತ್ತೇನೆ. ಸುಲಭವಾಗಲಿ ಅಂತ ದುಂಡು ಮೊತ್ತ ಇಟ್ಟುಕೊಳ್ಳೋಣ. ಮುಂಬಡ್ತಿ ಇಲ್ಲದಿದ್ದರೆ ಮೂಲ ವೇತನ 30,000, ಮುಂಬಡ್ತಿ ಸಿಕ್ಕಿದ್ದರೆ 31,000. ಪೂರ್ವಾನ್ವಯದ ದಿನ 2016ರ ಜುಲೈ 1, ಅಧಿಕಾರ ವಹಿಸಿಕೊಂಡದ್ದು 2019ರ ಜುಲೈ 1. ಮಧ್ಯದಲ್ಲಿ 36 ತಿಂಗಳು. ತಿಂಗಳಿಗೆ ವ್ಯತ್ಯಾಸ ಸಾವಿರ ಅಂದುಕೊಂಡರೆ 36,000 ರೂಪಾಯಿ, ಅದರ ಮೇಲಿನ ತುಟ್ಟಿ ಭತ್ಯೆ ಬೇರೆ. ನಾನು ಬಿಲ್ಲು ಮಾಡಿದ್ದು ಈ ಬಾಕಿಗೇ. ಅದು ಸಿಗುವುದಿಲ್ಲ. ಆದರೆ 2016ರಲ್ಲೇ 31,000ಕ್ಕೆ ಏರಿದರು ಅಂತ ಕಾಗದದ ಮೇಲೆ ಬರೆದು, ಅಲ್ಲಿಂದ ಪ್ರತಿ ವರ್ಷದ ವೇತನ ಬಡ್ತಿ ಸೇರಿಸುತ್ತಾ ಬರಬೇಕು. 2019ರ ಜುಲೈಯಲ್ಲಿ ಆ ಲೆಕ್ಕ ಎಲ್ಲಿಗೆ ಮುಟ್ಟುತ್ತದೋ ಅದೇ ಅವರ ನಿಜವಾದ ವೇತನ. ಮುಂದಿನ ಬಡ್ತಿಗಳೆಲ್ಲ ಅದರ ಮೇಲೆಯೇ. ಹಿರಿಯರನ್ನು ಕೂರಿಸಿಕೊಂಡು ಇದನ್ನು ವಿವರಿಸಿದಾಗ ಅವರಿಗೆ ಸಮಾಧಾನವಾಯಿತು. ಕಿರಿಯರ ವೇತನಕ್ಕೆ ಅವರದ್ದೂ ಸರಿಸಮ ಬಂದಿತ್ತು.

ನಾನು ತಪ್ಪಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಸರ್ಕಾರಿ ಆದೇಶಕ್ಕೆ ಭಾಗಗಳಿರುತ್ತವೆ. ಮೇಲೆ ‘ಓದಲಾಗಿದೆ’, ಆಮೇಲೆ ‘ಪ್ರಸ್ತಾವನೆ’, ಅದಾದ ಮೇಲೆ ಆದೇಶ. ಪ್ರಸ್ತಾವನೆಯಲ್ಲಿ ಹಿನ್ನೆಲೆ ಮಾತ್ರ ಇರುತ್ತದೆ: ಯಾರು ಏನು ಕೇಳಿದರು, ಕೆಳಗಿನ ಕಚೇರಿ ಏನು ಶಿಫಾರಸು ಮಾಡಿತು ಅಂತ. ನಮ್ಮ ಆದೇಶದ ಪ್ರಸ್ತಾವನೆಯಲ್ಲಿ ‘ಎಲ್ಲ ಆರ್ಥಿಕ ಸೌಲಭ್ಯಗಳೊಂದಿಗೆ’ ಅಂತ ಇತ್ತು. ಅದು ನಮ್ಮ ಹಿರಿಯರ ಬೇಡಿಕೆ. ನಾನು ಅದನ್ನೇ ಸರ್ಕಾರದ ತೀರ್ಮಾನ ಅಂದುಕೊಂಡಿದ್ದೆ. ಈಗ ಯಾವ ಆದೇಶ ಬಂದರೂ ಮೊದಲು ಕೆಳಗಿನ ಭಾಗ ಓದುತ್ತೇನೆ. ಸಹಿಗೆ ಮುಂಚೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಅಂತ ಬರುತ್ತದಲ್ವಾ, ಅಲ್ಲಿಂದ ಮೇಲಕ್ಕೆ ಹೋಗುತ್ತೇನೆ.

ಪೂರ್ವಾನ್ವಯದ ಜೊತೆ ಜನ ಜಾಸ್ತಿ ಕಲಸಿಕೊಳ್ಳುವ ಪದ ‘ಘಟನೋತ್ತರ’. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ‘ಘಟನೋತ್ತರ ಅನುಮೋದನೆಗಾಗಿ’ ಅನ್ನುವುದನ್ನು ನೋಡಿ, ನಡೆದ ಘಟನೆಗೆ ಉತ್ತರ ಬರೆಯಬೇಕು ಅಂತ ವಿವರಣೆ ಸಿದ್ಧಮಾಡುತ್ತಿದ್ದಳು. ಇಲ್ಲಿ ಉತ್ತರ ಅಂದರೆ ‘ನಂತರ’. ಮಳೆಗೆ ಕಚೇರಿಯ ಚಾವಣಿ ಸೋರಿತು ಅಂತಿಟ್ಟುಕೊಳ್ಳಿ. ಮಂಜೂರಾತಿಗೆ ಕಾದರೆ ಕಡತಗಳು ನೆನೆಯುತ್ತವೆ. ಮೊದಲು ದುರಸ್ತಿ ಮಾಡಿಸಿ, ಆಮೇಲೆ ಸಕ್ಷಮ ಪ್ರಾಧಿಕಾರದ ಒಪ್ಪಿಗೆ ಕೇಳುತ್ತೇವೆ. ಅದು ಘಟನೋತ್ತರ. ಪೂರ್ವಾನ್ವಯದಲ್ಲಿ ಆದೇಶವೇ ಹಿಂದಿನ ದಿನಕ್ಕೆ ಹೋಗುತ್ತದೆ. ಘಟನೋತ್ತರದಲ್ಲಿ ಕೆಲಸ ಆಗಲೇ ಮುಗಿದಿದೆ, ಒಪ್ಪಿಗೆ ಈಗ ಬರುತ್ತದೆ. ಹಾಗಾಗಿ ಇಂಥ ಪ್ರಸ್ತಾವದಲ್ಲಿ ಮೊದಲೇ ಯಾಕೆ ಕೇಳಲಿಲ್ಲ ಅನ್ನುವ ಕಾರಣ ಇರಲೇಬೇಕು. ಅದಿಲ್ಲದಿದ್ದರೆ ಕಡತ ತಿರುಗಿ ಬರುತ್ತದೆ.

ಅಂದಹಾಗೆ, ಕಚೇರಿ ಭಾಷೆಯೆಲ್ಲ ಸಂಸ್ಕೃತದ್ದಲ್ಲ. ಮಂಜೂರು, ಅಮಾನತು, ಖಜಾನೆ ಪಾರಸಿ-ಅರಬ್ಬಿ ಕಡೆಯಿಂದ ಬಂದವು. ಸುತ್ತೋಲೆ, ನಡವಳಿ ನಮ್ಮವೇ. ಸಂಸ್ಕೃತದ ಪದಗಳಲ್ಲಿ ಒಂದು ಅನುಕೂಲ ಇದೆ: ಬಿಡಿಸಿದರೆ ಅರ್ಧ ಅರ್ಥ ಸಿಗುತ್ತದೆ. ಉಳಿದರ್ಧವನ್ನು ಮಾತ್ರ ಕಚೇರಿಯ ಬಳಕೆಯಿಂದಲೇ ಕಲಿಯಬೇಕು. ಸಹಮತಿಯನ್ನೇ ನೋಡಿ. ಬಿಡಿಸಿದರೆ ‘ಜೊತೆಗೆ ಒಪ್ಪುವುದು’ ಅಷ್ಟೇ. ನಮ್ಮಲ್ಲಿ ಸಹಮತಿ ಅಂದರೆ ಇನ್ನೊಂದು ಇಲಾಖೆಯ ಒಪ್ಪಿಗೆ, ಹೆಚ್ಚಾಗಿ ಆರ್ಥಿಕ ಇಲಾಖೆಯದ್ದು. ಅನುಮೋದನೆ ಕೊಡುವವರು ಮೇಲಿನವರು.

ಇನ್ನೊಂದು ಪದ ‘ಸಂಚಿತ’. ಶಿಸ್ತು ಕ್ರಮದ ಆದೇಶಗಳಲ್ಲಿ ಬರುತ್ತದೆ. ನಮ್ಮ ಚಾಲಕರೊಬ್ಬರು ಆದೇಶ ಹಿಡಿದು ಬಂದು ನನ್ನ ಮೇಜಿನ ಮುಂದೆ ಸುಮ್ನೆ ನಿಂತುಬಿಟ್ಟಿದ್ದರು. ‘ಒಂದು ವಾರ್ಷಿಕ ವೇತನ ಬಡ್ತಿಯನ್ನು ಒಂದು ವರ್ಷದ ಅವಧಿಗೆ ಸಂಚಿತ ಪರಿಣಾಮವಿಲ್ಲದೆ ತಡೆಹಿಡಿಯಲಾಗಿದೆ’ ಅಂತ ಅದರಲ್ಲಿತ್ತು. ಅವರಿಗೆ ಕಂಡದ್ದು ‘ತಡೆಹಿಡಿಯಲಾಗಿದೆ’ ಮಾತ್ರ. ನಾನು ಪೆನ್ಸಿಲ್‌ನಲ್ಲಿ ಬರೆದು ತೋರಿಸಿದೆ. ವೇತನ 30,000, ಬಡ್ತಿ 700 ಅಂತಿರಲಿ. ಈ ವರ್ಷ 30,000ದಲ್ಲೇ ನಿಲ್ಲುತ್ತದೆ, ತಿಂಗಳಿಗೆ 700ರಂತೆ ವರ್ಷಕ್ಕೆ 8,400 ಹೋಗುತ್ತದೆ. ಮುಂದಿನ ವರ್ಷ ತಡೆದ ಬಡ್ತಿಯೂ ಆ ವರ್ಷದ ಬಡ್ತಿಯೂ ಸೇರಿ 31,400 ಆಗುತ್ತದೆ. ಅಲ್ಲಿಗೆ ಮುಗಿಯಿತು.

ಅದೇ ಆದೇಶ ‘ಸಂಚಿತ ಪರಿಣಾಮದೊಂದಿಗೆ’ ಅಂತ ಇದ್ದಿದ್ದರೆ ಮುಂದಿನ ವರ್ಷ 30,700 ಮಾತ್ರ. ಆ ಒಂದು ಮೆಟ್ಟಿಲು ಸೇವೆ ಮುಗಿಯುವವರೆಗೂ ಹಿಂದೆಯೇ ಉಳಿಯುತ್ತದೆ. ಹಳೆ ಪಿಂಚಣಿಯವರಾದರೆ ಪಿಂಚಣಿಗೂ ಅದು ತಟ್ಟುತ್ತದೆ, ಯಾಕೆಂದರೆ ಅದು ನಿಂತಿರುವುದು ಕೊನೆಯ ವೇತನದ ಮೇಲೆ. ‘ಇಲ್ಲದೆ’, ‘ಒಂದಿಗೆ’ ಅನ್ನುವ ಈ ಪುಟ್ಟ ಕನ್ನಡ ಪದಗಳಲ್ಲಿ ಅಷ್ಟು ಹಣ ಇದೆ. ಸೇವಾ ಪುಸ್ತಕದಲ್ಲಿ ನಮೂದಿಸುವಾಗ ‘ಒಂದು ಬಡ್ತಿ ತಡೆಹಿಡಿಯಲಾಗಿದೆ’ ಅಂತಷ್ಟೇ ಬರೆದು, ಸಂಚಿತದ ಮಾತು ಬಿಟ್ಟುಬಿಟ್ಟ ಹಳೆಯ ಪುಟಗಳನ್ನು ನಾನು ನೋಡಿದ್ದೇನೆ. ನಿವೃತ್ತಿಯ ಹೊತ್ತಿಗೆ ಮೂಲ ಆದೇಶ ಹುಡುಕಿಕೊಂಡು ಅಲೆಯುವುದು ಪಾಪ ಆ ನೌಕರನೇ.

ಅದಕ್ಕೇ ಈಗ ಶಿಸ್ತು ಕ್ರಮದ ಆದೇಶ ನನ್ನ ಮೇಜಿಗೆ ಬಂದರೆ ಆ ಸಾಲನ್ನು ಸೇವಾ ಪುಸ್ತಕಕ್ಕೆ ಅಕ್ಷರ ಬಿಡದೆ ಇಳಿಸುತ್ತೇನೆ, ಆದೇಶದ ಸಂಖ್ಯೆ, ದಿನಾಂಕದ ಸಮೇತ. ಚಾಲಕರ ಪುಟದಲ್ಲಿ ‘ಸಂಚಿತ ಪರಿಣಾಮವಿಲ್ಲದೆ’ ಅನ್ನುವುದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಮುಂದಿನ ವರ್ಷದ ಬಡ್ತಿ ಹಾಕುವಾಗ ನಾನು ಆ ಶಾಖೆಯಲ್ಲಿ ಇರಲಿಲ್ಲ. ನನ್ನ ಜಾಗಕ್ಕೆ ಬಂದವರು ಗೆರೆ ನೋಡಿ ಎರಡೂ ಬಡ್ತಿ ಸೇರಿಸಿದ್ದರು.