ಐಸ್‌ಕ್ರೀಮ್ ಫ್ರೀಜರ್ ಲಾಭದಲ್ಲಿದೆಯೇ? ಲೆಕ್ಕ ಹಾಕುವುದು ಹೀಗೆ

ದಿನಸಿ ಅಂಗಡಿಗೆ ತಿಂಗಳ ಕೊನೆಗೆ ಒಟ್ಟಾರೆ ಲಾಭ ಬಂದಿದ್ದರೂ ಒಳಗೊಳಗೇ ನಷ್ಟ ಮಾಡುವ ಸರಕು ಇರಬಹುದು. ಅದನ್ನು ಹಿಡಿಯಬೇಕಾದರೆ ದಿನಸಿ, ಹಾಲು, ಬಿಸ್ಕತ್ತು, ಐಸ್‌ಕ್ರೀಮ್ ಹೀಗೆ ವಿಭಾಗ ಮಾಡಿ, ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಡಿ. ಇಲ್ಲಿ ಐಸ್‌ಕ್ರೀಮ್ ಪುಟವನ್ನು ನೋಡೋಣ.

ಒಂದನೇ ತಾರೀಕು ಅಂಗಡಿ ತೆರೆಯುವ ಮುನ್ನ ಫ್ರೀಜರ್‌ನಲ್ಲಿರುವುದನ್ನು ಎಣಿಸಿ, ಎಂಆರ್‌ಪಿಯಲ್ಲಲ್ಲ, ಖರೀದಿ ದರದಲ್ಲಿ ಬೆಲೆ ಕಟ್ಟಿ. 3,000 ರೂಪಾಯಿ ಮಾಲು ಇತ್ತೆನ್ನಿ. ತಿಂಗಳ ಖರೀದಿ 5,500. ಕೊನೆಯ ದಿನ ಉಳಿದದ್ದು 2,900. ಹಾಗಾದರೆ ಖರ್ಚಾದ ಮಾಲು 5,600 ರೂಪಾಯಿಯದು. ಖರೀದಿ ಬಿಲ್ಲನ್ನಷ್ಟೇ ಮಾರಾಟದಿಂದ ಕಳೆದರೆ ಹೆಚ್ಚು ಸ್ಟಾಕ್ ತಂದ ತಿಂಗಳು ಸುಳ್ಳು ನಷ್ಟ ಕಾಣುತ್ತದೆ.

ಉದ್ರಿಯೂ ಸೇರಿ ಮಾರಾಟ 6,000 ಆಗಿದ್ದರೆ ಉಳಿದದ್ದು 400 ಮಾತ್ರ. ಎಂಆರ್‌ಪಿ ಮೇಲೆ ನಿಮ್ಮ ಮಾರ್ಜಿನ್ ಶೇ 15 ಇದ್ದರೆ 900 ಉಳಿಯಬೇಕಿತ್ತು. ಉಳಿದ 500 ರೂಪಾಯಿ ಎಲ್ಲಿ ಹೋಯಿತು? ಕರೆಂಟ್ ಹೋದಾಗ ಕರಗಿದ್ದು, ಮನೆಯ ಮಕ್ಕಳು ತಿಂದದ್ದು, ಬರೆದಿಡದೇ ಹೋದ ಉದ್ರಿ. ಕರಗಿದ ಮಾಲು ಕೊನೆಯ ಎಣಿಕೆಯಲ್ಲಿ ಇರುವುದಿಲ್ಲವಾದ್ದರಿಂದ ಅದು ಆಗಲೇ ಲೆಕ್ಕಕ್ಕೆ ಬಂದಿದೆ. ಅದನ್ನು ಮತ್ತೊಮ್ಮೆ ನಷ್ಟವೆಂದು ಕಳೆಯಬಾರದು.

ಇನ್ನು ಖರ್ಚು. ಬಾಡಿಗೆಯನ್ನು ಎಲ್ಲ ಸರಕಿಗೂ ಹಂಚಲು ಹೋಗಬೇಡಿ. ಐಸ್‌ಕ್ರೀಮ್ ಮಾರುವುದನ್ನು ನಿಲ್ಲಿಸಿದರೂ ಬಾಡಿಗೆ ಕಟ್ಟಲೇಬೇಕು. ನಿಲ್ಲಿಸಿದರೆ ಉಳಿಯುವ ಖರ್ಚನ್ನು ಮಾತ್ರ ಈ ಪುಟಕ್ಕೆ ಹಾಕಿ. ಇಲ್ಲಿ ಅದು ಫ್ರೀಜರ್‌ನ ಕರೆಂಟು. ರಾತ್ರಿ ಬಾಗಿಲು ಹಾಕುವಾಗ ಉಳಿದೆಲ್ಲ ಸ್ವಿಚ್ ಆರಿಸಿ ಮೀಟರ್ ನೋಡಿ, ಬೆಳಿಗ್ಗೆ ಮತ್ತೆ ನೋಡಿ. ಹತ್ತು ಗಂಟೆಯಲ್ಲಿ 1.4 ಯೂನಿಟ್ ಓಡಿದ್ದರೆ ತಿಂಗಳಿಗೆ ಸುಮಾರು 100 ಯೂನಿಟ್. ಹಗಲಲ್ಲಿ ಮುಚ್ಚಳ ಪದೇ ಪದೇ ತೆಗೆಯುವುದರಿಂದ ತುಸು ಹೆಚ್ಚೇ ಆಗುತ್ತದೆ. ನಿಮ್ಮ ಬಿಲ್ಲಿನ ದರ ಯೂನಿಟ್‌ಗೆ 8 ರೂಪಾಯಿ ಎಂದಿಟ್ಟುಕೊಂಡರೆ 800. ಅಂದರೆ 400 ಉಳಿಸಿಕೊಡುವ ಐಸ್‌ಕ್ರೀಮಿಗೆ 800 ಕರೆಂಟು: ತಿಂಗಳಿಗೆ 400 ನಷ್ಟ.

ಕೂಡಲೇ ಫ್ರೀಜರ್ ಎತ್ತಿಸುವ ಅಗತ್ಯವಿಲ್ಲ. ಮೊದಲು ಆ 500ರ ಸೋರಿಕೆ ತಡೆಯಿರಿ. ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿ, ಕರಗಿದ್ದಕ್ಕೆ, ಮನೆಗೆ ತೆಗೆದದ್ದಕ್ಕೆ ಆಗಲೇ ಗೆರೆ ಎಳೆದರೆ ಯಾವುದು ಎಷ್ಟೆಂದು ತಿಳಿಯುತ್ತದೆ. ಸೋರಿಕೆ ಪೂರ್ತಿ ನಿಂತರೆ ಅದೇ 6,000 ಮಾರಾಟದಲ್ಲಿ 100 ರೂಪಾಯಿ ಉಳಿಯುತ್ತದೆ. ಶೇ 15ರ ಮಾರ್ಜಿನ್‌ನಲ್ಲಿ 800 ಹುಟ್ಟಲು ಸುಮಾರು 5,300 ರೂಪಾಯಿ ವ್ಯಾಪಾರವಾದರೂ ಬೇಕು. ಬೇಸಿಗೆಯಲ್ಲಿ ಅದನ್ನು ದಾಟುವ ಅಂಗಡಿಯಲ್ಲಿ ಮಳೆಗಾಲಕ್ಕೆ ವ್ಯಾಪಾರ ಅದಕ್ಕಿಂತ ಕೆಳಗೆ ಇಳಿದರೆ, ಇದ್ದ ಮಾಲು ಖಾಲಿ ಮಾಡಿ ಆ ತಿಂಗಳುಗಳಲ್ಲಿ ಸ್ವಿಚ್ ಆರಿಸುವುದೇ ಸರಿ. ಫ್ರೀಜರ್ ಕಂಪನಿ ಕೊಟ್ಟದ್ದಾದರೆ, ವರ್ಷವಿಡೀ ಮಾಲು ಇಡಬೇಕೆಂಬ ಷರತ್ತು ಇದೆಯೇ ಎಂದು ಕರಾರು ಪತ್ರದಲ್ಲಿ ನೋಡಿಕೊಂಡು ಆರಿಸಿ.