ಹೊಸ ಬ್ಯಾಟರಿಯೂ ಬರಿದಾಗುತ್ತಿದೆಯೇ? ಕಾಯಿಲ್ ಕಾದಾಗ ಅಳೆಯಿರಿ

ಪಕ್ಕದ ಮನೆಯವರ ಬೈಕಿಗೆ ಒಂದೇ ವರ್ಷದಲ್ಲಿ ಹಾಕಿದ ಮೂರನೆಯ ಬ್ಯಾಟರಿ ಅದು. ಹೊಸದು ಹಾಕಿದ ವಾರ ಸೆಲ್ಫ್ ಚೆನ್ನಾಗಿ ಎಳೆಯುತ್ತಿತ್ತು, ಎರಡನೆಯ ವಾರ ಹಾರ್ನ್ ಕೀರಲಾಗುತ್ತಿತ್ತು, ಮೂರನೆಯ ವಾರ ಕಿಕ್ಕರ್ ಒದೆಯದೆ ಗತಿಯಿರಲಿಲ್ಲ. ಪ್ರತಿ ಸಲವೂ ಅಂಗಡಿಯವರು ಬ್ಯಾಟರಿಯನ್ನೇ ದೂರಿದರು. ತೊಟ್ಟಿಗೆ ನೀರು ಬರುತ್ತಿದೆಯೇ ಎಂದು ನೋಡದೆ ತೊಟ್ಟಿಯನ್ನೇ ಬದಲಿಸುತ್ತಾ ಹೋದ ಹಾಗಾಯಿತು.

ನೀರು ಬರುವ ದಾರಿ ಇಷ್ಟೇ. ಎಂಜಿನ್ನಿನ ಪಕ್ಕದ ಮುಚ್ಚಳದೊಳಗೆ ಆಯಸ್ಕಾಂತವಿರುವ ಚಕ್ರವೊಂದು ತಿರುಗುತ್ತದೆ. ಅದರೊಳಗೆ ಅಲುಗಾಡದೆ ಕುಳಿತಿರುವ ತಾಮ್ರದ ಸುರುಳಿಗಳ ಬಳೆಯೇ ಸ್ಟೇಟರ್. ಮೆಕ್ಯಾನಿಕ್‌ಗಳ ಬಾಯಲ್ಲಿ ಮ್ಯಾಗ್ನೆಟ್ ಕಾಯಿಲ್. ಅಲ್ಲಿ ಹುಟ್ಟುವುದು ಎಸಿ ವಿದ್ಯುತ್ತು. ಅದನ್ನು ಡಿಸಿ ಮಾಡಿ, ಹದ್ದುಬಸ್ತಿನಲ್ಲಿಟ್ಟು ಬ್ಯಾಟರಿಗೆ ಕಳಿಸುವುದು ಆರ್‌ಆರ್ ಯೂನಿಟ್, ಅಂದರೆ ರೆಗ್ಯುಲೇಟರ್.

ಮೊದಲು ಬ್ಯಾಟರಿಯ ಬಾಯಲ್ಲಿ

ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಿಂದ ಪೂರ್ತಿ ತುಂಬಿಸಿ, ಕೆಲವು ಗಂಟೆ ಸುಮ್ಮನೆ ಬಿಟ್ಟು, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗಿಟ್ಟು ಅಳೆಯಿರಿ, 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ಸರಿ. ಈಗ ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಉರಿಸಿ, ಆಕ್ಸಿಲರೇಟರ್ ತಿರುವಿ ವೇಗವನ್ನು ನಿಮಿಷಕ್ಕೆ 4,000–5,000 ಸುತ್ತಿಗೆ ಏರಿಸಿ. ಬ್ಯಾಟರಿಯ ಎರಡು ತುದಿಗಳ ನಡುವೆ ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. 14ರ ಆಸುಪಾಸಿನಲ್ಲೇ ನಿಂತರೆ ಕಾಯಿಲ್ ಆ ಹೊತ್ತಿಗೆ ನಿರಪರಾಧಿ. ನಿಲ್ಲಿಸಿದ ಬೈಕಿನಲ್ಲಿ ಕರೆಂಟ್ ಸೋರುತ್ತಿದೆಯೇ ಎಂದು ನೋಡಬೇಕು. ಹಾಗೆ ಸೋರುವ ಕಡೆ ಹೆಚ್ಚಾಗಿ ಸಿಗುವುದು ಆಮೇಲೆ ಜೋಡಿಸಿದ ಅಲಾರಂ ಅಥವಾ ಹೆಚ್ಚುವರಿ ದೀಪದ ವೈರಿಂಗ್. ಎಷ್ಟು ತಿರುವಿದರೂ 13ರ ಕೆಳಗೇ ಉಳಿದರೆ ಮುಂದಿನ ಹೆಜ್ಜೆಗೆ ಬನ್ನಿ.

ಒಂದು ಕೆಟ್ಟ ಚಾಳಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರ್ ಕಿತ್ತು, ‘ಆಫ್ ಆಗಲಿಲ್ಲ, ಚಾರ್ಜಿಂಗ್ ಸರಿಯಿದೆ’ ಎನ್ನುವವರಿದ್ದಾರೆ. ಬ್ಯಾಟರಿಯ ಆಸರೆ ತಪ್ಪಿದ ಕ್ಷಣ ವೋಲ್ಟೇಜ್ ಜಿಗಿದು ಬಲ್ಬು ಸುಡಬಹುದು, ಇಂಧನ ಇಂಜೆಕ್ಷನ್ ಇರುವ ಗಾಡಿಯಲ್ಲಿ ಕಂಟ್ರೋಲ್ ಯೂನಿಟ್ಟೇ ಹೋಗಬಹುದು. ಅದು ಪರೀಕ್ಷೆಯಲ್ಲ, ಜೂಜು.

ಕಪ್ಲರ್ ಬಿಚ್ಚುವಾಗ

ಎಂಜಿನ್ ನಿಲ್ಲಿಸಿ, ಸ್ಟೇಟರ್‌ನಿಂದ ರೆಗ್ಯುಲೇಟರ್‌ಗೆ ಹೋಗುವ ಕಪ್ಲರ್ ಹುಡುಕಿ. ಮೂರು ಫೇಸ್‌ನ ಗಾಡಿಗಳಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದ ಮೂರು ವೈರ್‌ಗಳಿರುತ್ತವೆ, ಬಹಳ ಕಡೆ ಹಳದಿ. ಬಿಚ್ಚಿದೊಡನೆ ಪ್ಲಾಸ್ಟಿಕ್ಕನ್ನು ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ, ಪಿನ್ ಕಪ್ಪಾಗಿದ್ದರೆ, ಅರ್ಧ ಉತ್ತರ ಅಲ್ಲೇ ಸಿಕ್ಕಿತು: ಸಡಿಲ ಸಂಪರ್ಕ ಕಾದು ಸುಟ್ಟಿದೆ. ವೈರಿನ ಸಿಪ್ಪೆಗೆ ಸೂಜಿ ಚುಚ್ಚಿ ಅಳೆಯಬೇಡಿ. ಆ ತೂತಿನಲ್ಲಿ ನೀರು ಇಳಿದು ತಾಮ್ರ ಕಿಲುಬು ಹಿಡಿಯುತ್ತದೆ.

ಕಾಯಿಲ್ ಪರೀಕ್ಷೆ

ಹೆಚ್ಚಿನವರು ಎಡವುವುದು ಇಲ್ಲೇ. ಮೂರು ವೈರ್‌ಗಳಿಗೆ ಒಂದು, ಎರಡು, ಮೂರು ಎಂದು ಗುರುತು ಹಾಕಿ. ಮೀಟರನ್ನು ಅತಿ ಕಡಿಮೆ ಓಮ್ ರೇಂಜಿಗಿಟ್ಟು ಮೊದಲು ಮೀಟರಿನ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ಮುಟ್ಟಿಸಿ. 0.2 ಅಥವಾ 0.3 ಎಂದು ತೋರಿಸಬಹುದು. ಅದು ಕಡ್ಡಿಗಳ ಸ್ವಂತ ರೋಧ, ಮುಂದಿನ ಅಳತೆಗಳಿಂದ ಕಳೆಯಬೇಕು. ಆಮೇಲೆ ಒಂದು–ಎರಡು, ಎರಡು–ಮೂರು, ಮೂರು–ಒಂದು ಜೋಡಿಗಳನ್ನು ಅಳೆಯಿರಿ. ಬಹುಪಾಲು ಕಾಯಿಲ್‌ಗಳಲ್ಲಿ ಒಂದು ಓಮ್‌ಗಿಂತ ಕಡಿಮೆ ಬರುತ್ತದೆ. ಅಂಕಿಗಿಂತ ಮುಖ್ಯವಾದದ್ದು ಮೂರೂ ಸಮವಾಗಿವೆಯೇ ಎಂಬುದು.

ಇಲ್ಲಿಗೇ ನಿಲ್ಲಿಸಿ ‘ಕಾಯಿಲ್ ಓಕೆ’ ಎಂದು ತೀರ್ಪು ಕೊಡುವುದೇ ದೊಡ್ಡ ತಪ್ಪು. ಇಷ್ಟು ಸಣ್ಣ ರೋಧದಲ್ಲಿ ನಾಲ್ಕಾರು ಸುತ್ತು ಶಾರ್ಟ್ ಆದರೂ ಸಾಧಾರಣ ಮೀಟರಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಇನ್ನೂ ಎರಡು ಪರೀಕ್ಷೆ ಬೇಕು. ಮೊದಲು ಒಂದು ಕಡ್ಡಿಯನ್ನು ಬಣ್ಣವಿಲ್ಲದ ಎಂಜಿನ್ ಲೋಹಕ್ಕೆ ಒತ್ತಿ, ಇನ್ನೊಂದನ್ನು ಮೂರೂ ವೈರ್‌ಗಳಿಗೆ ಒಂದೊಂದಾಗಿ ಮುಟ್ಟಿಸಿ. ಎಲ್ಲಿಯೂ ಸಂಪರ್ಕ ತೋರಿಸಬಾರದು. ತೋರಿಸಿದರೆ ಕಾಯಿಲ್ ಎಂಜಿನ್ ಬಾಡಿಗೆ ಅರ್ತ್ ಆಗಿದೆ. ಒಂದು ಅಪವಾದವಿದೆ: ಕೆಲವು ಸಣ್ಣ ಗಾಡಿಗಳ ಒಂದು ಫೇಸ್ ಕಾಯಿಲ್‌ನ ಒಂದು ತುದಿಯನ್ನು ಕಾರ್ಖಾನೆಯಲ್ಲೇ ಅರ್ತ್ ಮಾಡಿರುತ್ತಾರೆ. ಗಾಡಿಯ ವೈರಿಂಗ್ ನಕ್ಷೆ ನೋಡದೆ ಅಂಥ ಕಾಯಿಲ್ಲನ್ನು ಕಿತ್ತೆಸೆಯಬೇಡಿ.

ಈಗ ಮೀಟರನ್ನು ಎಸಿ ವೋಲ್ಟ್‌ನ 200ರ ರೇಂಜಿಗೆ ತಿರುಗಿಸಿ. ಡಿಸಿಯಲ್ಲಿಟ್ಟರೆ ಸೊನ್ನೆ ತೋರಿಸುತ್ತದೆ. ಅದನ್ನು ನಂಬಿ ಒಳ್ಳೆಯ ಸ್ಟೇಟರನ್ನು ಬಿಚ್ಚಿಸಿದವರನ್ನು ಬಲ್ಲೆ. ರೇಂಜನ್ನು ತಾನೇ ಆರಿಸಿಕೊಳ್ಳುವ ಅಗ್ಗದ ಮೀಟರ್ ಈ ಕೆಲಸಕ್ಕೆ ಬೇಡವೇ ಬೇಡ, ಎಂಜಿನ್ ವೇಗ ಏರಿಳಿದಂತೆ ಅದರ ಅಂಕಿ ಕುಣಿಯುತ್ತದೆ. ಕಪ್ಲರ್ ಬಿಚ್ಚಿದ ಸ್ಥಿತಿಯಲ್ಲೇ, ಬ್ಯಾಟರಿ ಜೋಡಿಸಿಕೊಂಡೇ, ಗಾಳಿಯಾಡುವ ಜಾಗದಲ್ಲಿ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಚಾಲೂ ಮಾಡಿ. ಐಡ್ಲಿಂಗ್‌ನಲ್ಲಿ ಸಾಮಾನ್ಯವಾಗಿ 15–20 ವೋಲ್ಟ್, 5,000 ಸುತ್ತಿನಲ್ಲಿ 50ರಿಂದ 70ರವರೆಗೆ ಬರುತ್ತದೆ. ಖಚಿತ ಅಂಕಿ ಆ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ತೆರೆದ ಪಿನ್‌ಗಳನ್ನು ಬೆರಳಿನಿಂದ ಮುಟ್ಟಬೇಡಿ. ಮೂರು ಜೋಡಿಗಳನ್ನೂ ಒಂದೇ ವೇಗದಲ್ಲಿ ಅಳೆಯಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಆಕ್ಸಿಲರೇಟರ್ ಹಿಡಿಯಲು ಇನ್ನೊಬ್ಬರಿದ್ದರೆ ಒಳ್ಳೆಯದು.

ಕಾದ ಮೇಲೆ ಇನ್ನೊಮ್ಮೆ

ಪಕ್ಕದ ಮನೆಯ ಬೈಕಿನಲ್ಲಿ ತಣ್ಣಗಿದ್ದಾಗ ಸಿಕ್ಕಿದ್ದು 58, 57, 58 ವೋಲ್ಟ್. ಅರ್ತ್ ಸಂಪರ್ಕವೂ ಇರಲಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ನಾಲ್ಕನೆಯ ಬ್ಯಾಟರಿ ಬರುತ್ತಿತ್ತು. ಕಪ್ಲರ್ ಮತ್ತೆ ಜೋಡಿಸಿ ಅರ್ಧ ಗಂಟೆ ಓಡಿಸಿಕೊಂಡು ಬಂದು, ಬಿಸಿ ಆರುವ ಮೊದಲೇ ಅಳೆದೆವು. ಈ ಬಾರಿ ಒಂದು–ಎರಡರ ನಡುವೆ 57, ಎರಡು–ಮೂರರ ನಡುವೆ 38, ಮೂರು–ಒಂದರ ನಡುವೆ 37. ಕುಸಿದ ಎರಡೂ ಜೋಡಿಗಳಲ್ಲಿ ಇದ್ದದ್ದು ಮೂರನೆಯ ವೈರ್. ದೋಷವೂ ಅದರ ಸುರುಳಿಯದ್ದೇ. ಎಂಜಿನ್ ನಿಲ್ಲಿಸಿ ಬಾಡಿಗೆ ಮುಟ್ಟಿಸಿದರೆ ಮೀಟರ್ ಬೀಪ್ ಎಂದಿತು. ತಾಮ್ರದ ಮೇಲಿನ ವಾರ್ನಿಷ್ ಸುಟ್ಟು ಬಿರುಕು ಬಿಟ್ಟಿತ್ತು. ತಣ್ಣಗಿದ್ದಾಗ ದೂರವಿದ್ದ ಸುತ್ತುಗಳು ಕಾದು ಹಿಗ್ಗಿದೊಡನೆ ಒಂದಕ್ಕೊಂದು ತಾಗಿ, ಕಬ್ಬಿಣಕ್ಕೂ ತಾಗುತ್ತಿದ್ದವು. ಅವರು ಕಚೇರಿಗೆ ದಿನವೂ ಮುಕ್ಕಾಲು ಗಂಟೆ ಓಡಿಸುತ್ತಾರೆ. ಮೊದಲ ಸ್ವಲ್ಪ ಹೊತ್ತು ಚಾರ್ಜ್ ಆಗಿ, ಉಳಿದ ದಾರಿಯುದ್ದಕ್ಕೂ ಹೆಡ್‌ಲೈಟ್ ಬ್ಯಾಟರಿಯನ್ನೇ ತಿನ್ನುತ್ತಿತ್ತು.

ಮೂರು ಜೋಡಿಗಳೂ ಸಮವಾಗಿ, ಆದರೆ ತೀರಾ ಕಡಿಮೆ ಬಂದರೆ ಆಯಸ್ಕಾಂತದ ಶಕ್ತಿ ಕುಂದಿರಬಹುದು. ಮೂರೂ ಕಾದ ಮೇಲೂ ಸರಿಯಾಗಿ ಬಂದರೆ ಅನುಮಾನ ರೆಗ್ಯುಲೇಟರ್ ಮತ್ತು ಅದರಿಂದ ಬ್ಯಾಟರಿಗೆ ಹೋಗುವ ವೈರಿಂಗ್ ಮೇಲೆ.

ಸುಟ್ಟ ಕಾಯಿಲ್ಲನ್ನು ಸುತ್ತಿಸಿದರೆ ಅಗ್ಗ ಎನ್ನುವವರ ಮಾತಿಗೆ ನಾನು ಒಪ್ಪುವುದಿಲ್ಲ. ಪಂಪಿನ ಮೋಟರಿಗೆ ಬಳಸುವ ಸಾಧಾರಣ ತಂತಿ ಬಿಸಿ ಎಣ್ಣೆಯಲ್ಲಿ ಬಹಳ ದಿನ ಬಾಳುವುದಿಲ್ಲ. ಹೆಚ್ಚಿನ ಉಷ್ಣ ತಡೆಯುವ ತಂತಿಯನ್ನೇ ಹಾಕುವುದು ಖಚಿತವಿದ್ದರೆ ಮಾತ್ರ ಸುತ್ತಿಸಿ, ಇಲ್ಲವಾದರೆ ಕಂಪನಿಯ ಅಸಲಿ ಸ್ಟೇಟರ್ ತನ್ನಿ. ಮುಚ್ಚಳದ ಗ್ಯಾಸ್ಕೆಟ್ ಹೊಸದಿರಲಿ. ಕಪ್ಲರ್ ಕಂದಾಗಿದ್ದರೆ ಅದನ್ನೂ ಬದಲಿಸಿ, ಅದೇ ಸಡಿಲ ಪಿನ್ ಹೊಸ ಕಾಯಿಲ್ಲಿನ ಮುಂದೆಯೂ ಸುಡುತ್ತದೆ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಓಡಿಸಿ, ಬಿಸಿಯಿರುವಾಗಲೇ ಬ್ಯಾಟರಿಯ ಬಾಯಲ್ಲಿ ಅಳೆಯಿರಿ. ಪಕ್ಕದ ಮನೆಯ ಬೈಕಿನಲ್ಲಿ ಆಗ 14.2 ಬಂದಿತು, ಹೆಡ್‌ಲೈಟ್ ಉರಿಯುತ್ತಿದ್ದಾಗಲೇ.