ಬಿ.ಕಾಂ. ಓದಿಗೆ ಟ್ಯಾಬ್ಲೆಟ್ ಬಿಟ್ಟು ಹಳೆಯ ಲ್ಯಾಪ್‌ಟಾಪ್ ಕೊಂಡ ಬಗೆ

ಕಲಬುರಗಿಯ ಕಾಲೇಜೊಂದರಲ್ಲಿ ಬಿ.ಕಾಂ. ಓದುತ್ತಿರುವ ನನಗೆ ಮನೆಯಲ್ಲಿ ಕೊಡಲು ಒಪ್ಪಿದ್ದ ಹಣ 25,000 ರೂಪಾಯಿ. ಅಷ್ಟರಲ್ಲಿ ಕೀಬೋರ್ಡ್ ಸಹಿತ ಹೊಸ ಆಂಡ್ರಾಯ್ಡ್ ಟ್ಯಾಬ್ಲೆಟ್ ಬರುತ್ತಿತ್ತು, ಇಲ್ಲವೇ ಕಂಪನಿಗಳು ಬಳಸಿ ಬಿಟ್ಟ ಒಳ್ಳೆಯ ದರ್ಜೆಯ ಹಳೆಯ ಲ್ಯಾಪ್‌ಟಾಪ್ ಬರುತ್ತಿತ್ತು. ಅದೇ ಬೆಲೆಯ ಹೊಸ ಲ್ಯಾಪ್‌ಟಾಪ್‌ಗಳನ್ನೂ ನೋಡಿದೆ. ಆದರೆ ನಾನು ನೋಡಿದವುಗಳಲ್ಲಿ ಹೆಚ್ಚಿನವು 4 ಜಿಬಿ ರ‍್ಯಾಮ್‌ನವು, ಅದನ್ನು ಮುಂದೆ ಹೆಚ್ಚಿಸಿಕೊಳ್ಳಲೂ ಅವಕಾಶವಿರಲಿಲ್ಲ. ಹಾಗಾಗಿ ಅವುಗಳನ್ನು ಆರಂಭದಲ್ಲಿಯೇ ಕೈಬಿಟ್ಟೆ.

ಟ್ಯಾಬ್ಲೆಟ್‌ನ ಆಸೆ ನನಗೂ ಇತ್ತು. ಜೇವರ್ಗಿಯಿಂದ ದಿನವೂ ಬಸ್ಸಿನಲ್ಲಿ ಬರುವ ಗೆಳೆಯನೊಬ್ಬನ ಬಳಿ 11 ಇಂಚಿನದೊಂದು ಇತ್ತು. ಅವನು ಅದನ್ನು ಒಂದು ವಾರಾಂತ್ಯ ನನಗೆ ಕೊಟ್ಟಿದ್ದ. ಯಾವುದು ಚೆಂದ ಎಂದು ನೋಡುವ ಬದಲು, ಆ ಸೆಮಿಸ್ಟರ್‌ನಲ್ಲಿ ನಾನು ನಿಜವಾಗಿ ಮಾಡಬೇಕಿದ್ದ ಒಂದು ಕೆಲಸವನ್ನೇ ಅದರ ಮೇಲೆ ಮಾಡಿ ನೋಡಲು ತೀರ್ಮಾನಿಸಿದೆ. ನೆಹರು ಗಂಜಿನಲ್ಲಿ ತೊಗರಿಬೇಳೆ ವ್ಯಾಪಾರ ಮಾಡುವ ನಮ್ಮ ಕಾಕಾ ಪ್ರಾಜೆಕ್ಟ್‌ಗೆಂದು ಒಂದು ತಿಂಗಳ ಮಾರಾಟದ ಲೆಕ್ಕವನ್ನು ಎಕ್ಸೆಲ್ ಕಡತವಾಗಿ ಕೊಟ್ಟಿದ್ದರು. ತಾರೀಖು, ಪಾರ್ಟಿ, ಕ್ವಿಂಟಲ್, ದರ, ಮೊತ್ತ, ಬಂದ ಹಣ, ಇಷ್ಟೇ ಕಾಲಂಗಳು. ಪಾರ್ಟಿವಾರು ಬಾಕಿ ತೆಗೆಯುವುದು ಮೊದಲ ಕೆಲಸ. ಅದೇ ವ್ಯವಹಾರವನ್ನು ಟ್ಯಾಲಿಯಲ್ಲಿ ನಮೂದಿಸಿ ಟ್ರಯಲ್ ಬ್ಯಾಲೆನ್ಸ್ ತೆಗೆಯುವುದು ಎರಡನೆಯದು.

ಮೊದಲ ಕೆಲಸದಲ್ಲಿಯೇ ತೊಡಕು ಎದುರಾಯಿತು. ಎಕ್ಸೆಲ್ ಆ್ಯಪ್ ಕಡತವನ್ನು ತೆರೆದು ತೋರಿಸಿತೇ ಹೊರತು ತಿದ್ದಲು ಬಿಡಲಿಲ್ಲ. ಮೈಕ್ರೋಸಾಫ್ಟ್ ನಿಯಮದಂತೆ 10.1 ಇಂಚು ಅಥವಾ ಅದಕ್ಕಿಂತ ಚಿಕ್ಕ ಪರದೆಯ ಸಾಧನಗಳಲ್ಲಿ ಮಾತ್ರ ಈ ಆ್ಯಪಿನಲ್ಲಿ ಉಚಿತವಾಗಿ ತಿದ್ದಬಹುದು. ಅದಕ್ಕಿಂತ ದೊಡ್ಡದಾದರೆ ಚಂದಾ ಕಟ್ಟಬೇಕು. ಕೊಳ್ಳುವವರು ದೊಡ್ಡ ಪರದೆಯೆಂದು ಹಿಗ್ಗಿ ಹೆಚ್ಚು ಹಣ ಕೊಡುವ ಟ್ಯಾಬ್ಲೆಟ್‌ಗಳೇ ಈ ನಿಯಮಕ್ಕೆ ಸಿಕ್ಕಿಬೀಳುತ್ತವೆ, ಅಂಗಡಿಯಲ್ಲಿ ಈ ಮಾತನ್ನು ಯಾರೂ ಹೇಳುವುದಿಲ್ಲ. ನನ್ನ ಫೋನಿನಲ್ಲಿ ತಿದ್ದಲು ಬಂದರೂ, ಪಾರ್ಟಿವಾರು ಮೊತ್ತಕ್ಕೆ ಬೇಕಾದ ಪಿವಟ್ ಟೇಬಲನ್ನು ಆಂಡ್ರಾಯ್ಡ್ ಆ್ಯಪಿನಲ್ಲಿ ಹೊಸದಾಗಿ ರಚಿಸುವ ಸೌಲಭ್ಯ ಸಿಗಲಿಲ್ಲ. ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಉಚಿತವಾಗಿ ಸಿಗುತ್ತದೆ, ಟ್ಯಾಬ್ಲೆಟ್‌ನಲ್ಲಿಯೂ ಹೇಗೋ ನಡೆಯುತ್ತದೆ. ಆದರೆ ಅದಕ್ಕೆ ಎಡೆಬಿಡದ ಇಂಟರ್‌ನೆಟ್ ಬೇಕು. SUMIF ಸೂತ್ರದಿಂದ ಬಾಕಿ ತೆಗೆದು ಆ ಕೆಲಸ ಮುಗಿಸಬಹುದಿತ್ತು, ಆದ್ದರಿಂದ ಇಷ್ಟಕ್ಕೇ ಟ್ಯಾಬ್ಲೆಟ್ ಬೇಡವೆನ್ನುವುದು ನ್ಯಾಯವಲ್ಲ.

ನಿರ್ಣಯವಾದದ್ದು ಟ್ಯಾಲಿಯಿಂದ. ಟ್ಯಾಲಿಪ್ರೈಮ್ ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶ. ಆಂಡ್ರಾಯ್ಡ್ ಅಥವಾ ಐಪ್ಯಾಡ್ ಮೇಲೆ ಅದನ್ನು ಹಾಕಿಕೊಳ್ಳಲು ಬರುವುದಿಲ್ಲ. ಬೇರೆ ಕಡೆಯ ಸರ್ವರ್‌ನಲ್ಲಿ ಟ್ಯಾಲಿ ನಡೆಸಿ ಟ್ಯಾಬ್ಲೆಟ್‌ನಲ್ಲಿ ಅದರ ಪರದೆಯನ್ನು ನೋಡುವ ಸೇವೆಗಳಿವೆ, ಆದರೆ ತಿಂಗಳು ತಿಂಗಳು ಹಣ ಕಟ್ಟುವುದು ವಿದ್ಯಾರ್ಥಿಗೆ ಹೊರೆ. ವಿಂಡೋಸ್ ಯಂತ್ರವಿದ್ದರೆ ಟ್ಯಾಲಿಯ ಶೈಕ್ಷಣಿಕ ಆವೃತ್ತಿ ಉಚಿತ. ಅದರಲ್ಲಿ ತಿಂಗಳ 1, 2, 31ರಂತಹ ಕೆಲವೇ ತಾರೀಖುಗಳಿಗೆ ಮಾತ್ರ ವೋಚರ್ ಹಾಕಬಹುದು. ಆದ್ದರಿಂದ ಕಾಕಾ ಅವರ ನಮೂದುಗಳ ತಾರೀಖುಗಳನ್ನು 1ಕ್ಕೆ ಇಲ್ಲವೇ 2ಕ್ಕೆ ತಂದು ಹಾಕಬೇಕಾಗುತ್ತದೆ. ಕಲಿಕೆಗೆ ಅದರಿಂದ ತೊಂದರೆಯಿಲ್ಲ, ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುವುದು ಹಾಗೆಯೇ ಆಗುತ್ತದೆ. ಇನ್ನೊಂದು ಮಾತು: ಟ್ಯಾಲಿಯಲ್ಲಿ ಕೈ ಓಡುವುದೇ F5ಕ್ಕೆ ಪಾವತಿ, F6ಕ್ಕೆ ಸ್ವೀಕೃತಿ, F8ಕ್ಕೆ ಮಾರಾಟ, F9ಕ್ಕೆ ಖರೀದಿ ಎಂಬ ಕೀಲಿಗಳ ಮೇಲೆ. ಗೆಳೆಯನ ಟ್ಯಾಬ್ಲೆಟ್‌ನ ಕೀಬೋರ್ಡ್ ಕವರಿನಲ್ಲಿ ಆ ಸಾಲಿನ ಕೀಲಿಗಳೇ ಇರಲಿಲ್ಲ, ಅಲ್ಲಿ ಧ್ವನಿ ಮತ್ತು ಬೆಳಕಿನ ಗುಂಡಿಗಳಿದ್ದವು.

ಲ್ಯಾಪ್‌ಟಾಪ್ ಎಂದು ನಿಶ್ಚಯವಾದ ಮೇಲೆ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಅಂಗಡಿಯಲ್ಲಿ ಹಳೆಯ ಯಂತ್ರಗಳನ್ನು ನೋಡಿದೆ. ಮೊದಲು ನೋಡಬೇಕಾದದ್ದು ಪ್ರೊಸೆಸರ್‌ನ ಪೀಳಿಗೆ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿರುವುದರಿಂದ ಯಂತ್ರ ವಿಂಡೋಸ್ 11ಕ್ಕೆ ಅರ್ಹವಾಗಿರಬೇಕು, ಇಂಟೆಲ್‌ನಲ್ಲಿ ಆ ಅರ್ಹತೆ ಸಾಮಾನ್ಯವಾಗಿ 8ನೇ ಪೀಳಿಗೆಯಿಂದ ಆರಂಭವಾಗುತ್ತದೆ. i5-8350U ಎಂಬಲ್ಲಿ ಅಡ್ಡಗೆರೆಯ ನಂತರದ 8 ಅದರ ಪೀಳಿಗೆ. i5-7300U ಎಂದಿದ್ದರೆ ಅದು 7ನೆಯದು. ಎರಡೂ ಯಂತ್ರಗಳ ಹೊರಮೈ ಹೆಚ್ಚುಕಡಿಮೆ ಒಂದೇ, ಮುಂಭಾಗದಲ್ಲಿ ಅಂಟಿಸಿದ ಚೀಟಿಯಲ್ಲಿಯೂ ಬರಿಯ "i5" ಎಂದಷ್ಟೇ ಇರುತ್ತದೆ. ಆದ್ದರಿಂದ ಸೆಟ್ಟಿಂಗ್ಸ್‌ನ About ಪುಟವನ್ನು ತೆರೆಸಿ ಪೂರ್ಣ ಸಂಖ್ಯೆಯನ್ನು ಓದಿಕೊಂಡೆ. Activation ಪುಟದಲ್ಲಿ ವಿಂಡೋಸ್ ಪರವಾನಗಿ ಸಕ್ರಿಯವಾಗಿದೆ ಎಂಬುದನ್ನೂ ನೋಡಿಕೊಂಡೆ.

ಎರಡನೆಯದು ಬ್ಯಾಟರಿ. ಅಂಗಡಿಯವರು ನೇರವಾಗಿಯೇ ಹೇಳಿದರು: "ಚಾರ್ಜರ್ ಒರಿಜಿನಲ್ ಅದ ರೀ, ಬ್ಯಾಟರಿಗಿ ಮಾತ್ರ ಗ್ಯಾರಂಟಿ ಇಲ್ರಿ." ಹಾಗಿದ್ದಾಗ ನಂಬಿಕೆಗಿಂತ ಅಳತೆ ಮೇಲೆಂದು ಕಮಾಂಡ್ ಪ್ರಾಂಪ್ಟ್ ತೆರೆದು ಈ ಆದೇಶ ಕೊಟ್ಟೆ:

```
powercfg /batteryreport
```

ಇದರಿಂದ ತಯಾರಾಗುವ ವರದಿಯನ್ನು ಬ್ರೌಸರ್‌ನಲ್ಲಿ ತೆರೆದರೆ DESIGN CAPACITY ಮತ್ತು FULL CHARGE CAPACITY ಎಂಬ ಎರಡು ಅಂಕಿಗಳು ಕಾಣುತ್ತವೆ. ಮೊದಲನೆಯದು ಬ್ಯಾಟರಿ ಹೊಸದಾಗಿದ್ದಾಗಿನ ಶಕ್ತಿ, ಎರಡನೆಯದು ಈಗ ಉಳಿದಿರುವ ಶಕ್ತಿ. ನಾನು ನೋಡಿದ ಯಂತ್ರದಲ್ಲಿ ಅವು 48,000 ಮತ್ತು 33,600 ಮಿಲಿವ್ಯಾಟ್-ಅವರ್ ಇದ್ದವು, ಎಂದರೆ ಶೇ. 70 ಉಳಿದಿತ್ತು. ಟ್ಯಾಲಿ, ಎಕ್ಸೆಲ್‌ನಂತಹ ಹಗುರ ಕೆಲಸದಲ್ಲಿ ಇಂತಹ ಲ್ಯಾಪ್‌ಟಾಪ್ 8ರಿಂದ 10 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡು 33.6ನ್ನು ಭಾಗಿಸಿದರೆ ಸುಮಾರು 3.4ರಿಂದ 4.2 ಗಂಟೆ ಸಿಗಬೇಕು. ಬಳಕೆಯಲ್ಲಿ ಮೂರೂವರೆಯ ಆಸುಪಾಸಿನಲ್ಲಿಯೇ ಇದೆ. ಮೇ ತಿಂಗಳ ಬಿಸಿಲಲ್ಲಿ ಕರೆಂಟ್ ಹೋಗುವ ಮಧ್ಯಾಹ್ನಗಳಿಗೆ ಇಷ್ಟು ಸಾಕಾಗುತ್ತದೆ, ಆದರೆ ದಿನವಿಡೀ ಬಾಳುವ ಗೆಳೆಯನ ಟ್ಯಾಬ್ಲೆಟ್ ಈ ವಿಷಯದಲ್ಲಿ ನಿಸ್ಸಂಶಯವಾಗಿ ಮುಂದಿದೆ. ಎರಡು ಅಂಕಿಗಳೂ ಒಂದೇ ಇದ್ದರೆ ಬ್ಯಾಟರಿ ಬದಲಾಗಿರಬಹುದು ಇಲ್ಲವೇ ವರದಿಯೇ ಸರಿಯಿಲ್ಲದಿರಬಹುದು. ಅಂತಹ ಯಂತ್ರವನ್ನು ಚಾರ್ಜರ್ ಕಿತ್ತು ಅರ್ಧ ಗಂಟೆ ನಡೆಸಿ, ಶೇಕಡಾವಾರು ಎಷ್ಟು ಇಳಿಯಿತೆಂದು ನೋಡುವುದೇ ಸರಿ.

8 ಜಿಬಿ ರ‍್ಯಾಮ್ ಮತ್ತು 256 ಜಿಬಿ ಎಸ್‌ಎಸ್‌ಡಿ ಇರುವ ಆ 14 ಇಂಚಿನ ಯಂತ್ರಕ್ಕೆ ಚೌಕಾಶಿಯ ನಂತರ 21,500 ರೂಪಾಯಿ ಕೊಟ್ಟೆ. ಅದರಲ್ಲಿ ಅಂಕಿಗಳ ಪ್ರತ್ಯೇಕ ಕೀಲಿಗಳಿಲ್ಲದಿದ್ದುದರಿಂದ ಉಳಿದ ಹಣದಲ್ಲಿ ಯುಎಸ್‌ಬಿ ನಂಬರ್ ಪ್ಯಾಡ್ ಮತ್ತು ಮೌಸ್ ಕೊಂಡೆ. ಅಂಗಡಿಯವರು ಎಕ್ಸೆಲ್ ಹಾಕಿಕೊಡುತ್ತೇವೆ ಎಂದರೂ ಪರವಾನಗಿಯಿಲ್ಲದ್ದು ಬೇಡವೆಂದು ಲಿಬ್ರೆ ಆಫೀಸ್ ಹಾಕಿಕೊಂಡೆ. ಅದರ ಕ್ಯಾಲ್ಕ್‌ನಲ್ಲಿ ಪಿವಟ್ ಟೇಬಲ್, ಗೋಲ್ ಸೀಕ್ ಎರಡೂ ಇವೆ. ಆದಾಯ ತೆರಿಗೆ ಇಲಾಖೆಯ ಮ್ಯಾಕ್ರೋ ಇರುವ ಎಕ್ಸೆಲ್ ಕಡತಗಳನ್ನು ಮಾತ್ರ ಅದರಲ್ಲಿ ನೆಚ್ಚಿಕೊಳ್ಳಲಾಗದು, ಅವುಗಳನ್ನು ಕಾಲೇಜಿನ ಲ್ಯಾಬಿನಲ್ಲಿಯೇ ತೆರೆಯುತ್ತೇನೆ.

ನನ್ನ ತಂಗಿಗೂ ಲ್ಯಾಪ್‌ಟಾಪೇ ಬೇಕೆಂದು ಹೇಳಲಾರೆ. ಅವಳು ಸಿ.ಎ. ಫೌಂಡೇಶನ್‌ಗೆ ಓದುತ್ತಿದ್ದಾಳೆ. ಪರೀಕ್ಷೆಯಲ್ಲಿ ಲೆಕ್ಕವನ್ನು ಕೈಯಿಂದಲೇ ಬರೆಯಬೇಕು, ಪಾಠವೆಲ್ಲ ವಿಡಿಯೋ ಮತ್ತು ಪಿಡಿಎಫ್. ಅವಳ ಕೆಲಸಕ್ಕೆ ಕೀಬೋರ್ಡ್ ಕವರಿಗೆ ಹಣ ಹಾಕದೆ ಪೆನ್ನು ಇರುವ ಟ್ಯಾಬ್ಲೆಟ್ ತೆಗೆದುಕೊಂಡರೆ ಸಾಕು, ಟ್ಯಾಲಿ ಬೇಕಾದ ದಿನ ನನ್ನ ಯಂತ್ರ ಮನೆಯಲ್ಲಿಯೇ ಇರುತ್ತದೆ.